ಡಿಮ್ಯಾಟ್ ಫೋಟೊದಾಗ ಮದ್ಲ ತಾರೀಖು ನೋಡ್ರಿ

ವಿಜಯಪುರದಾಗಿರೋ ನಮ್ ಕಾಕಾ ನೆಟ್‌ವರ್ತ್ ಪಟ್ಟಿ ಮಾಡಿಕೊಡು ಅಂತ 31 ಮಾರ್ಚ್ 2025ರ ಡಿಮ್ಯಾಟ್ ಸ್ಟೇಟ್‌ಮೆಂಟ್ ಫೋಟೊ ಕಳ್ಸಿದ್ರು, ಅದ್ರಾಗ ಎಚ್‌ಡಿಎಫ್‌ಸಿ ಬ್ಯಾಂಕಿಂದು 40 ಶೇರ್ ಇದ್ವು, ನಾ ಮೊಬೈಲ್‌ನ್ಯಾಗ ಈಗಿನ ರೇಟ್ ನೋಡಿ ಗುಣಿಸಿಬಿಟ್ಟೆ, ಅರ್ಧ ರೊಕ್ಕ ಮಾಯ! ಅದೇ ವರ್ಷ ಆಗಸ್ಟ್‌ನ್ಯಾಗ 1:1 ಬೋನಸ್ ಬಂದು 40 ಹೋಗಿ 80 ಆಗಿದ್ವು, ರೇಟ್ ಅರ್ಧಕ್ಕ ಇಳಿದಿತ್ತು, ಫೋಟೊದಾಗ ಮಾತ್ರ ಹಳೇ 40. ಬೋನಸ್‌ಗೆ ಶೇರಿನ ಗುರುತಿನ ಐಎಸ್‌ಐಎನ್ ನಂಬರ್ ಬದ್ಲಾಗಂಗಿಲ್ಲ, ಅದನ್ನ ತಾಳೆ ನೋಡಿದ್ರೂ ಈ ತಪ್ಪು ಸಿಗಂಗಿಲ್ರಿ.

ಅದಕ್ಕ ಸ್ಟೇಟ್‌ಮೆಂಟ್ ತಾರೀಖಿನ ಕ್ಲೋಸಿಂಗ್ ರೇಟೇ ಹಾಕ್ರಿ. ಆ 31ಕ್ಕ ರಂಜಾನ್ ಹಬ್ಬ, ಮಾರ್ಕೆಟ್ ಬಂದ್, ಹಿಂಗಾಗಿ 28ರ ಕ್ಲೋಸಿಂಗ್ ಸುಮಾರು 1,828 ಹಿಡಿದ್ರ 73,120 ರೂಪಾಯಿ ಬಂತು. ಯಾವ ದಿನದ ರೇಟ್ ಅಂತ ಪಟ್ಟಿ ಮ್ಯಾಲೆ ಬರೀರಿ. ಇವತ್ತಿನ ಲೆಕ್ಕಾನೇ ಬೇಕಂದ್ರ ಹೊಸ ಸ್ಟೇಟ್‌ಮೆಂಟ್ ತಗಸ್ರಿ.