ಸೋಮವಾರದ ತೂಕಕ್ಕೆ ಬೆಚ್ಚಬೇಡಿ: ಏಳು ದಿನದ ಸರಾಸರಿ ಓದುವ ಬಗೆ

ಭಾನುವಾರ ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ಒಂದು ಸುತ್ತು, ವಾಪಸ್ ಬರುವಾಗ ಎರಡು ಬೆಣ್ಣೆ ದೋಸೆ, ಸಂಜೆ ಮನೆಮಂದಿಯೆಲ್ಲ ಕೂತು ಮಂಡಕ್ಕಿ, ಮೆಣಸಿನಕಾಯಿ. ಸೋಮವಾರ ಎದ್ದು ತೂಕದ ಮಷಿನ್ ಹತ್ತಿದರೆ ನಿನ್ನೆಗಿಂತ 1.2 ಕೆ.ಜಿ. ಜಾಸ್ತಿ! ಅವತ್ತು ರಾತ್ರಿ ಊಟ ಬಂದ್. ಬುಧವಾರ ನೋಡಿದರೆ 1.3 ಕೆ.ಜಿ. ಇಳಿದಿದೆ, ಆ ಖುಷಿಗೆ ಮತ್ತೊಂದು ದೋಸೆ. ಏರಿದ್ದೂ ಕೊಬ್ಬಲ್ಲ, ಇಳಿದಿದ್ದೂ ಕೊಬ್ಬಲ್ಲ ಅನ್ನುವುದು ಮಾತ್ರ ಮಷಿನ್ ಹೇಳುವುದಿಲ್ಲ.

ಲೆಕ್ಕ ಹಾಕಿ ನೋಡಿ. ಮೈಯಲ್ಲಿ ಒಂದು ಕಿಲೋ ಕೊಬ್ಬು ಕೂಡಬೇಕಾದರೆ ದೇಹಕ್ಕೆ ಬೇಕಾದ್ದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು. 1.2 ಕಿಲೋಗೆ 9,240 ಆಯಿತು. ಒಂದು ಬೆಣ್ಣೆ ದೋಸೆಗೆ 400 ಕ್ಯಾಲೊರಿ ಅಂತ ಹಿಡಿದರೂ ದಿನದ ಊಟದ ಮೇಲೆ ಇಪ್ಪತ್ಮೂರು ದೋಸೆ ಬೇಕು. ಹಾಗಾದರೆ ಏರಿದ್ದು ಏನು? ಒಂದು ಪಾಲು ಇನ್ನೂ ಹೊಟ್ಟೆ, ಕರುಳಲ್ಲೇ ಇರುವ ಆಹಾರ. ಇನ್ನೊಂದು ಪಾಲು ಉಪ್ಪು ಹಿಡಿದಿಟ್ಟುಕೊಂಡ ನೀರು. ಮೂರನೆಯದು, ದೋಸೆ-ಮಂಡಕ್ಕಿಯ ಪಿಷ್ಟ. ಅದು ಗ್ಲೈಕೋಜನ್ ಆಗಿ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಕೂರುವಾಗ ಒಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನು ಜೊತೆಗಿಟ್ಟುಕೊಳ್ಳುತ್ತದೆ. ಎರಡು ಮೂರು ದಿನದಲ್ಲಿ ಇವೆಲ್ಲ ಬಂದ ದಾರಿಯಲ್ಲೇ ಹೋಗುತ್ತವೆ. ದಿನಕ್ಕೆ ಐವತ್ತು ಅರವತ್ತು ಗ್ರಾಂ ಕರಗುವ ಕೊಬ್ಬು ಈ ಒಂದು ಕಿಲೋ ಏರಿಳಿತದ ಅಡಿಯಲ್ಲಿ ಕಾಣುವುದೇ ಇಲ್ಲ. ಅದನ್ನು ಕಾಣಿಸುವುದಕ್ಕೇ ಏಳು ದಿನದ ಚಲಿಸುವ ಸರಾಸರಿ.

ಮೊದಲು ಮಷಿನ್ ಸರಿಮಾಡಿಕೊಳ್ಳಿ

ಮಷಿನ್ ಗಟ್ಟಿ ನೆಲದ ಮೇಲಿರಲಿ. ಟೈಲ್ಸ್ ಆಗಬಹುದು, ಕಡಪ ಕಲ್ಲಾಗಬಹುದು. ಚಾಪೆ, ಕಾರ್ಪೆಟ್ ಬೇಡ. ಯಾವ ಕಲ್ಲಿನ ಮೇಲೆ ಇಟ್ಟಿರೋ ಅದೇ ಕಲ್ಲಿನ ಮೇಲೆ ದಿನಾ ಇಡಿ. ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ನೀರು, ಕಾಫಿ ಏನೂ ಕುಡಿಯುವ ಮೊದಲು, ಒಂದೇ ಬಗೆಯ ತೆಳು ಬಟ್ಟೆಯಲ್ಲಿ ನಿಲ್ಲಿ. ಅರ್ಧ ಲೀಟರ್ ನೀರು ಕುಡಿದು ಹತ್ತಿದರೆ ಅರ್ಧ ಕಿಲೋ ಆಗಲೇ ಜಾಸ್ತಿ. ಬಂದ ಅಂಕಿಯನ್ನು ಬರೆದುಕೊಳ್ಳಿ. ಇಷ್ಟವಾಗದಿದ್ದರೆ ಇಳಿದು ಮತ್ತೆ ಹತ್ತುವುದು ಬೇಡ. ಬೇಕಾದ ಅಂಕಿ ಆರಿಸಿಕೊಂಡರೆ ಸರಾಸರಿಗೆ ಅರ್ಥವಿಲ್ಲ.

ಒಂದು ಪರೀಕ್ಷೆ ಮಾತ್ರ ಮಾಡಿಯೇ ತೀರಬೇಕು. ಕೆಲವು ಡಿಜಿಟಲ್ ಮಷಿನ್‌ಗಳು ಹಿಂದಿನ ತೂಕವನ್ನು ನೆನಪಿಟ್ಟುಕೊಂಡು, ಹೊಸದು ಅದಕ್ಕೆ ಹತ್ತಿರವಿದ್ದರೆ ಹಳೆಯ ಅಂಕಿಯನ್ನೇ ತೋರಿಸುತ್ತವೆ. ಮಷಿನ್ ತುಂಬ ಕರಾರುವಾಕ್ಕು ಅನ್ನಿಸಲಿ ಎಂಬ ಜಾಣತನ ಅದು. ಒಮ್ಮೆ ನಿಂತು ತೂಕ ನೋಡಿ, ಇಳಿದು, ಕಾಲು ಲೀಟರ್ ನೀರಿನ ಬಾಟಲಿ ಕೈಯಲ್ಲಿ ಹಿಡಿದು ಮತ್ತೆ ಹತ್ತಿ. 200 ಗ್ರಾಂ ಆದರೂ ಏರಬೇಕು. ಅಂಕಿ ಅಲ್ಲಾಡದಿದ್ದರೆ ನಿಮ್ಮ ಮಷಿನ್ ಈ ಜಾತಿಯದೇ. ಬಿಸಾಡಬೇಕಿಲ್ಲ, ದಿನಾ ನೀವು ಹತ್ತುವ ಮೊದಲು ಒಂದು ಬಿಂದಿಗೆ ನೀರಿಟ್ಟು ತೆಗೆಯಿರಿ, ಹಳೆಯ ನೆನಪು ಅಳಿಯುತ್ತದೆ.

ಲೆಕ್ಕ ಹಾಕುವ ಸುಲಭ ದಾರಿ

ಮೊದಲ ಏಳು ದಿನ ಬರೀ ಬರೆಯಿರಿ, ಏನೂ ತೀರ್ಮಾನ ಬೇಡ. ಏಳನೆಯ ದಿನ ಎಲ್ಲ ಕೂಡಿಸಿ ಏಳರಿಂದ ಭಾಗಿಸಿ. ಎಂಟನೆಯ ದಿನದಿಂದ ಪೂರ್ತಿ ಕೂಡುವ ಗೋಜಿಲ್ಲ: ನಿನ್ನೆಯ ಮೊತ್ತಕ್ಕೆ ಇವತ್ತಿನ ತೂಕ ಸೇರಿಸಿ, ಹೋದ ವಾರ ಇದೇ ದಿನದ ತೂಕ ಕಳೆಯಿರಿ, ಏಳರಿಂದ ಭಾಗಿಸಿ. ಸೋಮವಾರ ಬಂದರೆ ಸೋಮವಾರ ಹೋಗುತ್ತದೆ, ಮಂಗಳವಾರ ಬಂದರೆ ಮಂಗಳವಾರ. ಐದು ಅಥವಾ ಹತ್ತು ಬಿಟ್ಟು ಏಳೇ ಯಾಕೆ ಅನ್ನುವುದಕ್ಕೆ ಉತ್ತರವೂ ಇಲ್ಲೇ ಇದೆ. ನಮ್ಮ ಊಟ-ತಿಂಡಿ ವಾರಕ್ಕೊಮ್ಮೆ ಸುತ್ತುತ್ತದೆ. ಏಳು ದಿನದಲ್ಲಿ ಯಾವಾಗ ನೋಡಿದರೂ ಒಂದೇ ಒಂದು ಸೋಮವಾರ ಇರುತ್ತದೆ.

ಭಾನುವಾರಕ್ಕೊಮ್ಮೆ ಮಾತ್ರ ಏಳನ್ನೂ ಹೊಸದಾಗಿ ಕೂಡಿ ತಾಳೆ ನೋಡಿ. ಕೂಡುವಾಗ ಒಂದು ದಿನ ತಪ್ಪಿದರೆ ಆ ತಪ್ಪು ಮುಂದಿನ ಎಲ್ಲ ದಿನಕ್ಕೂ ಅಂಟಿಕೊಂಡೇ ಬರುತ್ತದೆ.

ಮೊಬೈಲ್‌ನ ಶೀಟ್‌ನಲ್ಲಿ ಮಾಡುವವರು A ಸಾಲಿನಲ್ಲಿ ತಾರೀಖು, B ಸಾಲಿನಲ್ಲಿ 2ನೇ ಮನೆಯಿಂದ ತೂಕ ಬರೆದು, C8 ಮನೆಯಲ್ಲಿ ಇದನ್ನು ಹಾಕಿ ಕೆಳಕ್ಕೆ ಎಳೆಯಿರಿ:

```
=AVERAGE(B2:B8)
```

ತೂಕ ನೋಡದ ದಿನ ಮನೆ ಖಾಲಿ ಬಿಡಿ, 0 ಹಾಕಬೇಡಿ. ಖಾಲಿ ಮನೆಯನ್ನು ಈ ಸೂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸೊನ್ನೆಯನ್ನು ತೆಗೆದುಕೊಳ್ಳುತ್ತದೆ. 78 ಕಿಲೋ ಇದ್ದವರ ಸರಾಸರಿ ಒಂದೇ ರಾತ್ರಿಯಲ್ಲಿ 67ರ ಹತ್ತಿರ ಬಂದು ನಿಲ್ಲುತ್ತದೆ.

ಮೂರು ವಾರದ ಒಂದು ಲೆಕ್ಕ

ಮೇಲೆ ಹೇಳಿದ ದೋಸೆ-ಮಂಡಕ್ಕಿಯ ಭಾನುವಾರ ಮೊದಲ ವಾರದ ಕೊನೆಯ ದಿನ ಎಂದುಕೊಳ್ಳಿ. ದಿನದ ತೂಕಗಳು ಹೀಗಿವೆ, ಕಿಲೋಗಳಲ್ಲಿ:

| ವಾರ | ಸೋಮ | ಮಂಗಳ | ಬುಧ | ಗುರು | ಶುಕ್ರ | ಶನಿ | ಭಾನು | ಭಾನುವಾರದ ಸರಾಸರಿ |
|---|---|---|---|---|---|---|---|---|
| 1 | 78.4 | 78.1 | 77.9 | 78.2 | 77.8 | 77.7 | 77.9 | 78.00 |
| 2 | 79.1 | 78.5 | 77.8 | 77.6 | 77.5 | 77.3 | 77.4 | 77.89 |
| 3 | 77.6 | 77.4 | 77.2 | 77.4 | 77.1 | 77.0 | 77.1 | 77.26 |

ಎರಡನೇ ವಾರದ ಸೋಮವಾರ ನೋಡಿ. ದಿನದ ತೂಕ 1.2 ಕಿಲೋ ಹಾರಿತು. ಸರಾಸರಿಯ ಮೊತ್ತಕ್ಕೆ ಮಾತ್ರ ಸೇರಿದ್ದು 79.1, ಹೊರಬಿದ್ದದ್ದು 78.4, ವ್ಯತ್ಯಾಸ 0.7. ಅದರ ಏಳನೇ ಒಂದು ಭಾಗ 0.1. ಹಾಗಾಗಿ ಸರಾಸರಿ 78.00 ಇದ್ದದ್ದು 78.10 ಆಯಿತು, ಅಷ್ಟೇ. ರಾತ್ರಿ ಊಟ ಬಿಡುವ ಕಾರಣವೇ ಇರಲಿಲ್ಲ.

ಇದರ ಇನ್ನೊಂದು ಮುಖ ಮೂರನೇ ವಾರದ ಸೋಮವಾರ ಕಾಣುತ್ತದೆ. ಸರಾಸರಿಯನ್ನೇ ನಂಬಿದವರೂ ಎಡವುವುದು ಇಲ್ಲೇ. ಅವತ್ತು ದಿನದ ತೂಕ ಹಿಂದಿನ ದಿನಕ್ಕಿಂತ 200 ಗ್ರಾಂ ಏರಿದೆ, ಸರಾಸರಿ ಮಾತ್ರ 77.89ರಿಂದ 77.67ಕ್ಕೆ, ಅಂದರೆ 200 ಗ್ರಾಂಗೂ ಹೆಚ್ಚು ಇಳಿದಿದೆ. ಅವತ್ತು ಮೈಯಲ್ಲಿ ವಿಶೇಷವೇನೂ ನಡೆದಿಲ್ಲ. ಹೋದ ಸೋಮವಾರದ 79.1 ಲೆಕ್ಕದಿಂದ ಹೊರಗೆ ಹೋಯಿತು, ಅಷ್ಟೇ ಕಾರಣ. ಒಂದು ದಿನದ ಏರಿಕೆ ಏಳು ದಿನ ಸರಾಸರಿಯೊಳಗೆ ಬಾಡಿಗೆಗಿದ್ದು, ಎಂಟನೆಯ ದಿನ ಮನೆ ಖಾಲಿ ಮಾಡುತ್ತದೆ. ಆದ್ದರಿಂದ ಸರಾಸರಿ ಸಟ್ಟನೆ ಏರಿದಾಗಲೋ ಇಳಿದಾಗಲೋ ಇವತ್ತು ಏನು ಬಂತು ಅಂತ ನೋಡುವುದರ ಜೊತೆಗೆ, ಏನು ಹೋಯಿತು ಅಂತಲೂ ನೋಡಿ.

ಸರಾಸರಿಯನ್ನು ನಿನ್ನೆಯ ಸರಾಸರಿ ಜೊತೆ ಹೋಲಿಸಿದರೆ ಉಪಯೋಗವಿಲ್ಲ; ಆ ಎರಡರಲ್ಲಿ ಆರು ದಿನ ಒಂದೇ. ಭಾನುವಾರದ್ದನ್ನು ಭಾನುವಾರದ ಜೊತೆ ಇಡಿ. ಇಲ್ಲಿ ಮೊದಲ ವಾರಕ್ಕೂ ಎರಡನೇ ವಾರಕ್ಕೂ ಇಳಿದದ್ದು 110 ಗ್ರಾಂ, ಎರಡಕ್ಕೂ ಮೂರಕ್ಕೂ 630 ಗ್ರಾಂ. ಮೊದಲನೆಯದನ್ನು ನೋಡಿದವರು ಊಟ ಇನ್ನಷ್ಟು ಕಡಿಮೆ ಮಾಡುತ್ತಿದ್ದರು, ಎರಡನೆಯದನ್ನು ನೋಡಿದವರು ಇನ್ನೊಂದು ದೋಸೆಗೆ ಹೊರಡುತ್ತಿದ್ದರು. ಎರಡೂ ಸೇರಿ ಹದಿನಾಲ್ಕು ದಿನಕ್ಕೆ 740 ಗ್ರಾಂ, ವಾರಕ್ಕೆ 370. ನಿಜಕ್ಕೆ ಹತ್ತಿರದ ಅಂಕಿ ಇದೇ. ಕ್ಯಾಲೊರಿಗೆ ತಿರುಗಿಸಿದರೆ ದಿನಕ್ಕೆ ಸುಮಾರು 400 ಕಡಿಮೆ ತಿಂದಂತೆ. ಊಟದಲ್ಲಿ ಬದಲಾವಣೆ ಮಾಡುವುದಿದ್ದರೆ ಎರಡು ವಾರದ ಈ ಅಂತರ ನೋಡಿಯೇ ಮಾಡಿ. ವಾರಕ್ಕೆ 200 ಗ್ರಾಂ ಒಳಗಿನ ವ್ಯತ್ಯಾಸವನ್ನು ಸುದ್ದಿ ಎಂದುಕೊಳ್ಳಬೇಡಿ.

ಸರಾಸರಿ ಯಾವಾಗಲೂ ಸ್ವಲ್ಪ ಹಿಂದೆ ಇರುತ್ತದೆ. ಏಳು ದಿನದ ನಡುವಿನ ದಿನ ನಾಲ್ಕನೆಯದು, ಹಾಗಾಗಿ ಭಾನುವಾರ ಸಿಗುವ ಅಂಕಿ ಗುರುವಾರದ ಸ್ಥಿತಿ. ಇವತ್ತು ಶುರು ಮಾಡಿದ ಪಥ್ಯ ನಾಳೆಯ ಸರಾಸರಿಯಲ್ಲಿ ಕಾಣಲಿಲ್ಲ ಅಂತ ಗೊಣಗಬೇಡಿ.

ಲೆಕ್ಕ ಎಲ್ಲಿ ಕೆಡುತ್ತದೆ

ದಿನ ತಪ್ಪುವುದು ಮಾಮೂಲು. ಊರಿಗೆ ಹೋದಾಗ ಅಲ್ಲಿನ ಮಷಿನ್ ಅಂಕಿ ತಂದು ಇದರಲ್ಲಿ ಸೇರಿಸಬೇಡಿ. ಎರಡು ಮಷಿನ್ ಮಧ್ಯೆ ಒಂದು ಕಿಲೋ ಅಂತರವಿದ್ದರೂ ಆಶ್ಚರ್ಯವಿಲ್ಲ. ಇದ್ದಷ್ಟು ದಿನದ್ದು ಕೂಡಿಸಿ ಅಷ್ಟರಿಂದಲೇ ಭಾಗಿಸಿ. ನಾಲ್ಕು ದಿನಕ್ಕಿಂತ ಕಡಿಮೆ ಇದ್ದರೆ ಆ ವಾರ ಬಿಟ್ಟುಬಿಡಿ. ಯಾವ ದಿನ ತಪ್ಪಿತು ಅನ್ನುವುದೂ ಮುಖ್ಯ. ಭಾರ ಬರುತ್ತದೆ ಅಂತ ಹೆದರಿ ಸೋಮವಾರ ಮಷಿನ್ ಹತ್ತದಿದ್ದರೆ, ಮೇಲಿನ ಎರಡನೇ ವಾರದ ಸರಾಸರಿ 77.89ರ ಬದಲು 77.68 ಬರುತ್ತಿತ್ತು. 210 ಗ್ರಾಂ ಸುಳ್ಳು ಇಳಿಕೆ.

ಅನ್ನ, ಮುದ್ದೆ, ರೊಟ್ಟಿ ಒಮ್ಮೆಲೇ ಕಡಿಮೆ ಮಾಡಿದವರಿಗೆ ಮೊದಲ ವಾರ ಎರಡು ಕಿಲೋ ಇಳಿದರೂ ಇಳಿಯಬಹುದು. ಬಹುಪಾಲು ಅದು ಗ್ಲೈಕೋಜನ್ ಬಿಟ್ಟ ನೀರು. ಆ ವಾರವನ್ನು ಹೋಲಿಕೆಯಿಂದ ಹೊರಗಿಟ್ಟು, ಎರಡನೇ ವಾರದ ಸರಾಸರಿಯಿಂದ ಎಣಿಸಿ. ಮುಟ್ಟಾಗುವ ಹೆಣ್ಣುಮಕ್ಕಳಲ್ಲಿ ಹಲವರಿಗೆ ಮುಟ್ಟಿಗೆ ಮುಂಚಿನ ದಿನಗಳಲ್ಲಿ ನೀರು ತುಂಬಿ ತೂಕ ಏರುತ್ತದೆ. ಈ ಸುತ್ತು ಏಳು ದಿನಕ್ಕಿಂತ ಉದ್ದ, ಏಳು ದಿನದ ಸರಾಸರಿ ಅದನ್ನು ಅಳಿಸಲಾರದು. ಅವರು ಮುಟ್ಟು ಮುಗಿದ ವಾರದ ಸರಾಸರಿಯನ್ನು ಹೋದ ತಿಂಗಳ ಮುಟ್ಟು ಮುಗಿದ ವಾರದ ಜೊತೆ ಹೋಲಿಸಬೇಕು. ನಡುವಿನ ಅಂಕಿಗಳನ್ನು ಬರೆದಿಟ್ಟರೆ ಸಾಕು.

ಸರಾಸರಿ ನೋಡಲೇಬಾರದ ಒಂದು ಗುಂಪೂ ಇದೆ. ಹೃದಯ ವೈಫಲ್ಯ ಇರುವವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ದಿನಾ ತೂಕ ನೋಡುವುದು ಮೈಯಲ್ಲಿ ನೀರು ನಿಲ್ಲುತ್ತಿದೆಯೇ ಅಂತ ತಿಳಿಯಲು. ಉಳಿದವರು ಮರೆಯಬೇಕಾದ ಏರಿಳಿತವೇ ಅವರಿಗೆ ಬೇಕಾದ ಸುದ್ದಿ. ಹೃದಯದ ತೊಂದರೆಯವರಿಗೆ ಒಂದು ದಿನದಲ್ಲಿ ಒಂದು ಒಂದೂವರೆ ಕಿಲೋ, ಅಥವಾ ವಾರದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ, ಕಾಲು ಊದಿದ್ದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ ಅವತ್ತೇ ವೈದ್ಯರಿಗೆ ತಿಳಿಸಬೇಕು. ಪಥ್ಯ ಏನೂ ಮಾಡದೆ ಸರಾಸರಿ ವಾರವಾರವೂ ಇಳಿಯುತ್ತಿದ್ದರೂ ವೈದ್ಯರನ್ನು ಕಾಣಿ. ಹಾಗೆ ಕಾಣಲು ಹೋಗುವಾಗ ತೂಕ ಬರೆದ ಪುಸ್ತಕವನ್ನು ಜೊತೆಗೆ ಒಯ್ಯಿರಿ, ಸರಾಸರಿಯ ಸಾಲಿನ ಜೊತೆ ದಿನದ ತೂಕದ ಸಾಲನ್ನೂ ತೋರಿಸಿ.