ರಾತ್ರಿ ಒಲೆ ಆರಿಸಿದವರೇ ಬೆಳಗ್ಗೆ ಹೊತ್ತಿಸಬೇಕೇ? ಅಡುಗೆಮನೆಯ ಪಾಳಿ ಹೊಂದಿಸುವ ಬಗೆ

ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲುಗಳಲ್ಲಿ ಬೆಳಗಿನ ತಿಂಡಿ ಮುಗಿಸಿ ಹೋದವರೇ ಸಂಜೆ ಮತ್ತೆ ಕಾವಲಿಯ ಮುಂದೆ ನಿಲ್ಲುವುದು ಅಪರೂಪವಲ್ಲ. ನಡುವೆ ಮೂರ್ನಾಲ್ಕು ಗಂಟೆ ಬಿಡುವಿದೆಯಲ್ಲ ಎಂದು ಮಾಲೀಕರು ಹೇಳುತ್ತಾರಾದರೂ, ಆ ಬಿಡುವು ಮಲಗುವುದಕ್ಕೂ ಸಾಲದು, ಮನೆಗೆಲಸಕ್ಕೂ ಒದಗದು. ಅಡುಗೆಯವರ ದಣಿವನ್ನು ಕಡಿಮೆ ಮಾಡಬೇಕೆಂದಿರುವ ಮುಖ್ಯ ಬಾಣಸಿಗರು ಬುದ್ಧಿವಾದಕ್ಕಿಂತ ಮೊದಲು ಪಾಳಿಯ ಪಟ್ಟಿಯನ್ನು ಕೈಗೆತ್ತಿಕೊಳ್ಳಬೇಕು.

ಮೊದಲ ಹಂತವಾಗಿ, ಒಂದು ವಾರ ಪ್ರತಿಯೊಬ್ಬರೂ ಬಂದ ಮತ್ತು ಹೋದ ಸಮಯವನ್ನು ಬರೆದಿಡಿ. ಆರು ಜನರ ಒಂದು ಅಡುಗೆಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎಲ್ಲರೂ ಬೆಳಗ್ಗೆ 5.30ಕ್ಕೆ ಬಂದು 12ಕ್ಕೆ ಹೋಗುತ್ತಾರೆ. ಸಂಜೆ 4ಕ್ಕೆ ಮರಳಿ ರಾತ್ರಿ 10.30ರವರೆಗೆ ಇರುತ್ತಾರೆ. ಅಲ್ಲಿಗೆ ದಿನಕ್ಕೆ 13 ಗಂಟೆಯ ಕೆಲಸವಾಯಿತು. ರಾತ್ರಿ ಹೋಗಿ ಬೆಳಗ್ಗೆ ಬರುವುದರ ನಡುವೆ ಏಳು ಗಂಟೆ ಮಾತ್ರ ಇದ್ದು, ಹೋಗಿಬರುವುದು, ಸ್ನಾನ, ಊಟ ಕಳೆದರೆ ನಿದ್ದೆಗೆ ಐದು ಗಂಟೆಯೂ ಉಳಿಯುವುದಿಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಸಾಮಾನ್ಯ ಕೆಲಸದ ಅವಧಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ; ವಾರಕ್ಕೊಂದು ರಜೆಯೂ ಕಡ್ಡಾಯ. ಮಾಲೀಕರೊಡನೆ ಮಾತಿಗೆ ಕೂರುವಾಗ ಈ ಅಂಕಿಗಳು ಜೇಬಿನಲ್ಲಿರಲಿ.

ಎರಡನೆಯದಾಗಿ, ಯಾವ ಹೊತ್ತಿಗೆ ಎಷ್ಟು ಕೈ ಬೇಕು ಎಂಬುದನ್ನು ಲೆಕ್ಕ ಹಾಕಿ. ಎಂಟರಿಂದ ಹನ್ನೊಂದರವರೆಗಿನ ನೂಕುನುಗ್ಗಲಿಗೆ ನಾಲ್ವರು, ಸಂಜೆಯ ಮಿರ್ಚಿ ಮಂಡಕ್ಕಿಯ ಹೊತ್ತಿಗೆ ಮೂವರು, ಉಳಿದ ಸಮಯದಲ್ಲಿ ಇಬ್ಬರು ಮೂವರು ಸಾಕೆಂದಾದರೆ, ಆರೂ ಜನ ಇಡೀ ದಿನ ನಿಂತಿರುವುದು ರೂಢಿಯೇ ಹೊರತು ಅಗತ್ಯವಲ್ಲ. ಹೀಗೆ ಹಂಚಬಹುದು: ಮೂವರು 5.30ರಿಂದ 1.30ರವರೆಗೆ, ಇಬ್ಬರು 2ರಿಂದ 10.30ರವರೆಗೆ, ಎರಡೂ ಪಾಳಿಯಲ್ಲಿ ನಡುವೆ ಒಂದು ಗಂಟೆ ವಿರಾಮ. ಇನ್ನೊಬ್ಬರು 8ರಿಂದ 12ರವರೆಗೆ ಮತ್ತು 4ರಿಂದ 7.30ರವರೆಗೆ. ಯಾರಿಗೂ ದಿನಕ್ಕೆ ಏಳೂವರೆ ಗಂಟೆ ಮೀರುವುದಿಲ್ಲ. ಆದರೆ ಸರದಿಯಂತೆ ಒಬ್ಬೊಬ್ಬರಿಗೆ ವಾರದ ರಜೆ ಕೊಡಬೇಕಾದರೆ ಏಳನೆಯವರೊಬ್ಬರು ಬೇಕೇ ಬೇಕು. ಈ ಖರ್ಚನ್ನು ಮುಚ್ಚಿಡದೆ ಹೇಳಿಬಿಡುವುದು ಒಳ್ಳೆಯದು. ಹೇಳದೆ ಬರೆದ ಪಟ್ಟಿ ಯಾರಾದರೂ ಜ್ವರದಿಂದ ಮಲಗಿದ ದಿನವೇ ಕುಸಿಯುತ್ತದೆ.

ಪಾಳಿ ಬದಲಿಸುವಾಗ ಒಂದು ನಿಯಮವನ್ನು ಮಾತ್ರ ಬಿಡಬೇಡಿ: ಸಂಜೆ ಪಾಳಿಯವರು ಮರುದಿನವೇ ಬೆಳಗಿನ ಪಾಳಿಗೆ ಬರಬಾರದು. ಅವರ ವಾರದ ರಜೆಯನ್ನು ಆ ಬದಲಾವಣೆಯ ನಡುವೆ ಇಟ್ಟರೆ ಸಾಕು.

ಮೂರನೆಯ ಸಂಗತಿ ಕಾವಲಿಯ ಶಾಖ. ಏಪ್ರಿಲ್‌ನಲ್ಲಿ ಹೊರಗಿನ ಬಿಸಿಲಿಗೆ ಸೌದೆ ಒಲೆಯ ಉರಿಯೂ ಸೇರಿದಾಗ, ಮನಸ್ಸಿನ ಸಿಡುಕು ಎಂದು ನಾವು ಬಯ್ಯುವುದರಲ್ಲಿ ಒಂದು ಪಾಲು ದೇಹದ ನೀರು ಬತ್ತಿದ್ದರ ಫಲವಾಗಿರುತ್ತದೆ. ದೋಸೆ ಹುಯ್ಯುವವರು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯುವಂತೆ ಕಾವಲಿಯ ಪಕ್ಕದಲ್ಲೇ ಕೊಡ ಇರಲಿ. ಊಟದ ಹೊತ್ತಿಗೆ ಉಪ್ಪು ಹಾಕಿದ ಮಜ್ಜಿಗೆಯೂ ಇರಲಿ. ಕಾವಲಿಗೂ ಚಟ್ನಿ, ಪಲ್ಯದ ಕಡೆಗೂ ಗಂಟೆಗೊಮ್ಮೆ ಜನರನ್ನು ಅದಲುಬದಲು ಮಾಡಿ. ಹೊಸಬರನ್ನು ಮೊದಲ ದಿನ ಪಾಳಿಯ ಐದನೆಯ ಒಂದು ಭಾಗದಷ್ಟು ಹೊತ್ತು ಮಾತ್ರ ಉರಿಯ ಮುಂದೆ ನಿಲ್ಲಿಸಿ, ದಿನಕ್ಕೆ ಅಷ್ಟಷ್ಟೇ ಹೆಚ್ಚಿಸುತ್ತಾ ಹೋಗಬೇಕು. ಮಾತು ತೊದಲಿದರೆ, ದಿಕ್ಕು ತೋಚದಂತಾದರೆ ಅದು ಬರೀ ಆಯಾಸವಲ್ಲ. ಮೈ ತಣಿಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ಇಷ್ಟಾದ ಮೇಲೂ ಕೆಲವರು ಬಳಲಿಯೇ ಇರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು ಇಂತಹ ಕೆಲಸದ ಬಳಲಿಕೆಗೆ ಮೂರು ಗುರುತುಗಳನ್ನು ಹೇಳುತ್ತದೆ: ಶಕ್ತಿ ಬತ್ತುವುದು, ಕೆಲಸದ ಮೇಲೆ ತಾತ್ಸಾರ ಮೂಡುವುದು, ಕೆಲಸದ ದಕ್ಷತೆ ತಗ್ಗುವುದು. ಅಡುಗೆಮನೆಯಲ್ಲಿ ಇವು ಸೀದ ದೋಸೆಯಾಗಿ, ರುಚಿ ನೋಡದೆ ಇಳಿಸಿದ ಪಲ್ಯವಾಗಿ, ವರ್ಷಗಟ್ಟಲೆ ಹರಟುತ್ತಿದ್ದವರ ಮೌನವಾಗಿ ಕಾಣಿಸಿಕೊಳ್ಳುತ್ತವೆ. ಒಂದು ದಿನದ ಸೀದ ದೋಸೆಗೆ ಅರ್ಥವಿಲ್ಲ. ವಾರದ ರಜೆ ಮುಗಿಸಿ ಬಂದ ಮೇಲೂ ಅದೇ ಮುಂದುವರಿದರೆ ಗಮನಿಸಿ. ಎಲ್ಲರೆದುರು ಕೇಳಬೇಡಿ. ಪಾಳಿ ಮುಗಿದ ಮೇಲೆ, ಚಹಾದ ಲೋಟ ಕೈಗೆ ಕೊಟ್ಟು, ‘ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀಯಪ್ಪ?’ ಎಂದು ಕೇಳಿದರೆ, ‘ಏನು ತೊಂದರೆ?’ ಎಂಬುದಕ್ಕೆ ಸಿಗದ ಉತ್ತರ ಸಿಗುತ್ತದೆ. ಮುಂಗಡದ ಸಾಲವೋ ಮನೆಯ ಕಾಯಿಲೆಯೋ ನಿದ್ದೆ ಕೆಡಿಸಿದ್ದರೆ ಪಾಳಿ ಬದಲಿಸಿ ಫಲವಿಲ್ಲ. ಕುಡಿತ ಹೆಚ್ಚಿದ್ದರೆ, ಬದುಕು ಬೇಡವೆಂಬ ಮಾತು ಬಂದರೆ ನೀವೇ ವೈದ್ಯರಾಗಲು ಹೋಗದೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಪಕ್ಕದಲ್ಲಿ ಕುಳಿತು ಕರೆ ಮಾಡಿಸಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಆ ದಿನ ಅವರನ್ನು ಒಂಟಿಯಾಗಿ ಕೋಣೆಗೆ ಕಳುಹಿಸಬೇಡಿ.