ಚೈನ್‌ಗೆ ಎಣ್ಣೆ ಬಿಡುವ ಮೊದಲು

ಎರಡು ತಿಂಗಳು ಮಳೆಯಲ್ಲಿ ನೆನೆದು ನಿಂತಿದ್ದ ಸೈಕಲ್ಲೊಂದನ್ನು ಈಚೆಗೆ ಬಿಚ್ಚಿದೆ. ಚೈನಿನ ಅರ್ಧ ಭಾಗದಲ್ಲಿ ಕರಿ ಜಿಡ್ಡು, ಇನ್ನರ್ಧದಲ್ಲಿ ಕೆಂಪು ತುಕ್ಕು. ಅದರ ಮೇಲೆಯೇ ಯಾರೋ ಧಾರಾಳವಾಗಿ ಎಣ್ಣೆ ಸುರಿದಿದ್ದರು. ಹಾಗೆ ಮಾಡಿದರೆ ಧೂಳು, ತುಕ್ಕಿನ ಪುಡಿ, ಎಣ್ಣೆ ಮೂರೂ ಬೆರೆತು ಮರಳುಕಾಗದದಂತೆ ಕೆಲಸ ಮಾಡುತ್ತವೆ. ಕೊಂಡಿಗಳೊಳಗಿನ ಪಿನ್‌ಗಳು ಸವೆಯುತ್ತವೆ, ಚೈನ್ ಉದ್ದವಾಗುತ್ತದೆ.

ಇಲ್ಲಿ ಕೆಲಸದ ಕ್ರಮವೇ ಮುಖ್ಯ. ಮೊದಲು ಜಿಡ್ಡು, ಆಮೇಲೆ ತುಕ್ಕು. ತುಕ್ಕು ತೆಗೆಯುವುದು ವಿನೆಗರ್. ಜಿಡ್ಡಿನ ಪದರ ಇದ್ದರೆ ಅದು ಕಬ್ಬಿಣವನ್ನು ಮುಟ್ಟುವುದೇ ಇಲ್ಲ.

ಗೇರ್ ಇಲ್ಲದ ಸೈಕಲ್ಲಾದರೆ ಚೈನಿನ ಒಂದು ಕೊಂಡಿಗೆ ಚಿಕ್ಕ ಕ್ಲಿಪ್‌ನ ಲಾಕ್ ಇರುತ್ತದೆ. ಅದರ ಮುಚ್ಚಿದ ತುದಿ ಯಾವ ಕಡೆಗಿದೆ ಎಂದು ನೋಡಿಟ್ಟುಕೊಂಡು, ಇಕ್ಕಳದಿಂದ ಜಾರಿಸಿ ತೆಗೆಯಿರಿ. ಮತ್ತೆ ಹಾಕುವಾಗ ಆ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೇ ಇರಬೇಕು.

ಬಿಚ್ಚಿದ ಚೈನನ್ನು ಹಳೆ ಬಟ್ಟೆಯಿಂದ ಒರೆಸಿ, ಒಣ ಟೂತ್‌ಬ್ರಷ್‌ನಿಂದ ದಪ್ಪ ಮಣ್ಣನ್ನು ಉದುರಿಸಿ. ಆಮೇಲೆ ಅಗಲ ಬಾಯಿಯ ಮುಚ್ಚಳದ ಡಬ್ಬಿಗೆ ಹಾಕಿ, ಮುಳುಗುವಷ್ಟು ಸೀಮೆಎಣ್ಣೆ ಸುರಿದು, ಎರಡು ನಿಮಿಷ ಚೆನ್ನಾಗಿ ಕುಲುಕಿ. ಹೊರಗಡೆ, ಬೆಂಕಿಯಿಂದ ದೂರದಲ್ಲಿ, ಕೈಗವಸು ಹಾಕಿಕೊಂಡೇ ಮಾಡಿ. ಪೆಟ್ರೋಲ್ ಮಾತ್ರ ಬೇಡ. ಅದರ ಆವಿ ಒಂದು ಕಿಡಿಗೇ ಹೊತ್ತಿಕೊಳ್ಳುತ್ತದೆ. ನನ್ನ ಚೈನಿಗೆ ಮೂರು ಸಲ ಸೀಮೆಎಣ್ಣೆ ಬದಲಿಸಬೇಕಾಯಿತು: ಮೊದಲ ಸಲ ಕರಿಗಪ್ಪು, ಮೂರನೆಯ ಸಲ ತೆಳು ಕಂದು. ಬಳಸಿದ್ದನ್ನು ಮೋರಿಗೆ ಚೆಲ್ಲಬೇಡಿ. ಒಂದು ರಾತ್ರಿ ಮುಚ್ಚಿಟ್ಟರೆ ಕೊಳೆ ತಳಕ್ಕಿಳಿಯುತ್ತದೆ, ಮೇಲಿನ ತಿಳಿ ಮುಂದಿನ ಸಲಕ್ಕೆ ಬರುತ್ತದೆ.

ಸೀಮೆಎಣ್ಣೆಯೂ ಒಂದು ಪದರ ಬಿಟ್ಟುಹೋಗುತ್ತದೆ. ಅದಕ್ಕೇ ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ಬ್ರಷ್‌ನಿಂದ ಉಜ್ಜಿ, ನೀರಿನಲ್ಲಿ ಜಾಲಿಸಿ. ಈಗ ಚೈನಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ನೋಡಿ. ನೀರು ತೆಳ್ಳಗೆ ಹರಡಿಕೊಂಡರೆ ಜಿಡ್ಡು ಹೋಗಿದೆ. ಮಣಿಗಳಂತೆ ನಿಂತರೆ ಇನ್ನೊಂದು ಸುತ್ತು ಸೋಪು ಬೇಕು.

ತುಕ್ಕು ಬರೀ ಮೇಲ್ಮೈಯಲ್ಲಿ, ಅಲ್ಲೊಂದು ಇಲ್ಲೊಂದು ಕಲೆಯಾಗಿದ್ದರೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕು. ಅಲ್ಯೂಮಿನಿಯಂ ಉಕ್ಕಿಗಿಂತ ಮೃದು, ಗೀರು ಬೀಳುವುದಿಲ್ಲ. ಕೊಂಡಿಗಳ ಸಂದಿಯಲ್ಲೂ ಇದ್ದರೆ ಬಿಳಿ ವಿನೆಗರ್‌ನಲ್ಲಿ ಮುಳುಗಿಸಿ. ಆದರೆ ಎದ್ದು ಹೋಗಬೇಡಿ. ಐದೈದು ನಿಮಿಷಕ್ಕೆ ಎತ್ತಿ, ಬ್ರಷ್ ಆಡಿಸಿ ನೋಡಿ. ಹದಿನೈದು ಇಪ್ಪತ್ತು ನಿಮಿಷ ಧಾರಾಳವಾಯಿತು. ರಾತ್ರಿಯಿಡೀ ನೆನೆಸಿ ಎನ್ನುವ ಸಲಹೆ ಹಳೆ ಬೀಗಕ್ಕೆ ಸರಿಹೋಗಬಹುದು, ಚೈನಿಗೆ ಅಲ್ಲ. ತುಕ್ಕು ಮುಗಿದ ಮೇಲೆ ಆಮ್ಲ ಉಕ್ಕನ್ನೇ ತಿನ್ನತೊಡಗುತ್ತದೆ. ಆಗ ಹುಟ್ಟುವ ಜಲಜನಕ ಗಟ್ಟಿಗೊಳಿಸಿದ ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸಬಲ್ಲದು. ಹಾಗಾದ ಕೊಂಡಿ ಏರುದಾರಿಯಲ್ಲಿ ಜೋರಾಗಿ ತುಳಿದಾಗ ಸುಳಿವು ಕೊಡದೆ ಬಿರಿಯಬಹುದು.

ವಿನೆಗರ್‌ನಿಂದ ತೆಗೆದ ಕೂಡಲೇ ಅರ್ಧ ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಅದರಲ್ಲಿ ಅಲ್ಲಾಡಿಸಿ, ಉಳಿದ ಆಮ್ಲ ಸಾಯುತ್ತದೆ. ಮತ್ತೆ ಒಳ್ಳೆ ನೀರಿನಲ್ಲಿ ತೊಳೆದು, ತಡಮಾಡದೆ ಒಣಗಿಸಿ. ಈಗ ಚೈನಿನ ಮೇಲೆ ಯಾವ ರಕ್ಷಣೆಯೂ ಇಲ್ಲ. ಹಸಿಯಾಗಿ ಬಿಟ್ಟರೆ ಸ್ವಲ್ಪ ಹೊತ್ತಿಗೇ ಕಿತ್ತಳೆ ಬಣ್ಣ ಮರಳುತ್ತದೆ. ಬಟ್ಟೆಯಲ್ಲಿ ಸುತ್ತಿ ಕೊಡವಿ, ಬಿಸಿಲಿಗೆ ಹಾಕಿ ಅಥವಾ ಕೂದಲು ಒಣಗಿಸುವ ಡ್ರೈಯರ್ ಹಿಡಿಯಿರಿ.

ಒಂದೊಂದೇ ಕೊಂಡಿಯನ್ನು ಬೆರಳಿನಿಂದ ಬಾಗಿಸಿ ನೋಡುವುದು ಈ ಹೊತ್ತಿನಲ್ಲೇ. ನನಗೆ ಸಿಕ್ಕಿದ್ದು ಎರಡು ಬಿಗಿ ಕೊಂಡಿ. ಒಂದೊಂದು ಹನಿ ಎಣ್ಣೆ ಬಿಟ್ಟು ಅತ್ತಿತ್ತ ಆಡಿಸಿದೆ, ಒಂದು ಸಡಿಲವಾಯಿತು. ಇನ್ನೊಂದರ ಪಿನ್ ಪಕ್ಕದಿಂದ ಕೆಂಪು ಪುಡಿ ಉದುರುತ್ತಲೇ ಇತ್ತು, ಅಂದರೆ ತುಕ್ಕು ಒಳಗೆ ಇಳಿದಿದೆ. ಕೊಂಡಿಯ ಪಕ್ಕದ ಪಟ್ಟಿಗಳಲ್ಲಿ ಕುಳಿ ಬಿದ್ದಿದ್ದರೂ ಕತೆ ಅಷ್ಟೇ. ಅಂಥ ಚೈನನ್ನು ಬದಲಿಸಬೇಕು, ನಾನೂ ಬದಲಿಸಿದೆ.

ನಿಮ್ಮ ಚೈನ್ ಈ ಪರೀಕ್ಷೆ ದಾಟಿದರೆ ಹೊಲಿಗೆ ಯಂತ್ರದ ಎಣ್ಣೆ ಸಾಕು. ಅಡುಗೆ ಎಣ್ಣೆ ಬೇಡ, ಅದು ದಿನ ಕಳೆದಂತೆ ಅಂಟಾಗುತ್ತದೆ. ಚೈನ್ ಹಾಕಿ, ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ ಪ್ರತಿ ರೋಲರ್‌ಗೆ ಒಂದು ಹನಿ ಬಿಡಿ. ಹತ್ತು ನಿಮಿಷ ಬಿಟ್ಟು, ಹೊರಗೆ ಕಾಣುವ ಎಣ್ಣೆಯನ್ನೆಲ್ಲ ಒಣ ಬಟ್ಟೆಯಿಂದ ಒರೆಸಿಬಿಡಿ. ಬೇಕಾದ ಎಣ್ಣೆ ಆಗಲೇ ಒಳಗಿನ ಪಿನ್ನಿಗೆ ಇಳಿದಿರುತ್ತದೆ.